ಒಂದು ಕಡೆ ಹೊಳೆ, ಒಂದು ಕಡೆ ಕಡಲು: ಆ ಮರಳಿನ ಮೇಲೆ ಮನೆ ಕಟ್ಟಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಾವು ಜಮಖಂಡಿಯವರು. ನಾನು, ನಮ್ಮ ಷಡ್ಡಕರು ಸೇರಿ ಉತ್ತರ ಕನ್ನಡದ ಕರಾವಳಿಯಲ್ಲಿ ಹೋಮ್‌ಸ್ಟೇ ಕಟ್ಟಬೇಕಂತ ಫೆಬ್ರವರಿಯಲ್ಲಿ ಎರಡು ಜಾಗ ನೋಡಿ ಬಂದೆವು. ಒಂದು 10 ಗುಂಟೆ, ಹೊಳೆ ಮತ್ತು ಕಡಲಿನ ನಡುವಿನ ಉದ್ದನೆಯ ಮರಳು ಪಟ್ಟಿಯ ಮೇಲಿದೆ. ಈ ದಡದಿಂದ ಆ ದಡಕ್ಕೆ ಸುಮಾರು 300 ಹೆಜ್ಜೆ. ಆಗ ಬೀಚ್ ಭಾರಿ ಅಗಲ ಇತ್ತು. ಜುಲೈನಲ್ಲಿ ಫೋಟೋ ತರಿಸಿದರೆ ನೀರು ತೆಂಗಿನ ಬುಡಕ್ಕೆ ಬಂದಿದೆ. ಮಾಲೀಕರು 'ಕಡಲು ಒಯ್ದದ್ದನ್ನು ತಿರುಗಿ ಕೊಡುತ್ತದೆ, ಎನ್.ಎ. ಕೂಡ ಆಗಿದೆ' ಅಂತಾರೆ. ಇನ್ನೊಂದು 20 ಗುಂಟೆ, 40 ಅಡಿ ಎತ್ತರದ ಕೆಂಪುಕಲ್ಲಿನ ದಿಬ್ಬದ ಮೇಲೆ. ಅಂಚಿನಿಂದ 25 ಅಡಿ ಬಿಟ್ಟು ಜಾಗ ಶುರು, ಅಲ್ಲಿಂದ 180 ಅಡಿ ಉದ್ದ. ಕೆಳಗೆ ನೀರಿನಲ್ಲಿ ಎರಡು ಬಂಡೆ ಕಂಬದ ಹಾಗೆ ನಿಂತಿವೆ, ಅವು ಅಲೆ ತಡೆಯುತ್ತವಂತೆ. ನಮ್ಮ ಬಾದಾಮಿ ಬಂಡೆ ಸಾವಿರಾರು ವರ್ಷ ನಿಂತಿಲ್ಲವೇ, ಇದೂ ನಿಲ್ಲುತ್ತದೆ ಅಂತ ಷಡ್ಡಕರ ವಾದ. ಬೇಕಾದರೆ ಕಲ್ಲಿನ ಗೋಡೆ ಕಟ್ಟಿಸೋಣ ಅಂತಾರೆ. ಯಾವುದು ತಗೊಳ್ಳಲಿ?

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕಟ್ಟಡ ಕಟ್ಟೋದಕ್ಕೆ ಅಂತಾದರೆ ಎರಡೂ ಬೇಡ. ಆದರೆ ಎರಡು ಜಾಗದ ತೊಂದರೆ ಒಂದೇ ಅಲ್ಲ. ಮರಳಿನ ಜಾಗ ಕಣ್ಣೆದುರಿಗೇ ಓಡಾಡುತ್ತದೆ, ಹಾಗಾಗಿ ಜನ ಹೆದರುತ್ತಾರೆ. ದಿಬ್ಬ ವರ್ಷಗಟ್ಟಲೆ ಸುಮ್ನೆ ನಿಂತಿರುತ್ತದೆ, ಹಾಗಾಗಿ ಜನ ನಂಬುತ್ತಾರೆ. ನನಗೆ ಎರಡನೆಯದರ ಮೇಲೇ ಅನುಮಾನ ಜಾಸ್ತಿ.

ಮಾಲೀಕರ ಮಾತು ಪೂರ್ತಿ ಸುಳ್ಳಲ್ಲ. ಕಡಲು ಮರಳನ್ನು ತಿರುಗಿ ಕೊಡೋದು ನಿಜ. ನಮ್ಮ ಕರಾವಳಿಯಲ್ಲಿ ಜನವರಿ, ಫೆಬ್ರವರಿಯಲ್ಲಿ ಅಲೆಯ ಎತ್ತರ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸು. ಜೂನ್‌ನಿಂದ ಆಗಸ್ಟ್‌ವರೆಗೆ ದಡದಿಂದ ಆಚೆ ಅದೇ ಅಲೆ ಮೂರು ನಾಲ್ಕು ಮೀಟರ್ ಏಳುತ್ತದೆ. ಆ ಅಲೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಮೊದಲ ನೀರು ಮರಳಿನಲ್ಲಿ ಇಂಗುವ ಮೊದಲೇ ಮುಂದಿನದು ಬಂದುಬಿಡುತ್ತದೆ. ಇಂಗಲು ಜಾಗ ಇಲ್ಲದ ನೀರು ಜೋರಾಗಿ ವಾಪಸ್ ಹರಿಯುತ್ತದೆ, ಹರಿಯುವಾಗ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಅಲೆ ಒಡೆಯುವ ಜಾಗದಲ್ಲಿ ಅದರ ಶಕ್ತಿ ಕುಗ್ಗಿ, ಆ ಮರಳು ನೀರಿನೊಳಗೇ ದಡಕ್ಕೆ ಸಮಾನಾಂತರವಾಗಿ ಉದ್ದನೆಯ ದಿಣ್ಣೆಯಾಗಿ ಕೂರುತ್ತದೆ. ಪಠ್ಯಪುಸ್ತಕದಲ್ಲಿ ಬಾರ್ ಅಂತ ಓದಿರುತ್ತೀರಲ್ಲ, ಅದೇ ಇದು.

ಈ ದಿಣ್ಣೆ ನಷ್ಟದ ಗುರುತಲ್ಲ, ಬೀಚ್ ತನ್ನನ್ನು ತಾನೇ ಕಾಪಾಡಿಕೊಳ್ಳುವ ರೀತಿ. ಅಲೆ ಒಡೆಯೋದು ನೀರಿನ ಆಳ ನೋಡಿಕೊಂಡು. ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿನಷ್ಟಕ್ಕೆ ಇಳಿದಾಗ ಅದು ಮುಗ್ಗರಿಸಿ ಬೀಳುತ್ತದೆ. ದಿಣ್ಣೆ ಇರುವಲ್ಲಿ ಆಳ ಕಡಿಮೆ. ಹಾಗಾಗಿ ದೊಡ್ಡ ಅಲೆ ದೂರದಲ್ಲೇ ಒಡೆದು, ದಡಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಸೆಪ್ಟೆಂಬರ್ ದಾಟಿದ ಮೇಲೆ ತಗ್ಗಿನ, ಬಿಡುವು ಬಿಟ್ಟು ಬರುವ ಅಲೆಗಳು ಆ ಮರಳನ್ನು ಸ್ವಲ್ಪ ಸ್ವಲ್ಪವಾಗಿ ದಡಕ್ಕೆ ತಳ್ಳುತ್ತವೆ. ಫೆಬ್ರವರಿ ಹೊತ್ತಿಗೆ ಬೀಚ್ ಸಾಕಷ್ಟು ಅಗಲ ಆಗಿರುತ್ತದೆ. ನೀವು ನೋಡಿದ್ದು ಆವಾಗ. ಜಾಗ ಮಾರುವವರು ಬೇಸಿಗೆಯಲ್ಲೇ ಕರೆಯುತ್ತಾರೆ ಅನ್ನೋದು ನನ್ನ ಅನುಭವ.

ಇನ್ನು ಮಾತಿನ ಉಳಿದ ಅರ್ಧ. ಮರಳು ತಿರುಗಿ ಬರುತ್ತದೆ, ಆದರೆ ಅದೇ ಜಾಗಕ್ಕೇ ಬರಬೇಕು ಅಂತೇನಿಲ್ಲ. ನಿಮ್ಮ ಪಟ್ಟಿಯಂಥ ಜಾಗದಲ್ಲಿ ಇದು ಬಹಳ ಮುಖ್ಯ, ಯಾಕೆಂದರೆ ಆ ಪಟ್ಟಿ ಹುಟ್ಟಿದ್ದೇ ಮರಳಿನ ಅಡ್ಡ ಓಟದಿಂದ.

ಅಲೆ ದಡಕ್ಕೆ ನೇರವಾಗಿ ಬರೋದು ಅಪರೂಪ, ಸಾಮಾನ್ಯವಾಗಿ ಸ್ವಲ್ಪ ಓರೆಯಾಗಿ ಬರುತ್ತದೆ. ಮೇಲೇರುವ ನೀರು ಓರೆಯಾಗಿ ಏರುತ್ತದೆ, ಇಳಿಯುವ ನೀರು ಇಳಿಜಾರು ಹಿಡಿದು ನೇರ ಇಳಿಯುತ್ತದೆ. ಒಂದು ಮರಳಿನ ಕಾಳು ಓರೆ ಏರಿ ನೇರ ಇಳಿದರೆ, ಹೊರಟ ಜಾಗದಿಂದ ತುಸು ಪಕ್ಕಕ್ಕೆ ಬಂದಿರುತ್ತದೆ. ಒಂದು ನಿಮಿಷಕ್ಕೆ ಆರೇಳು ಅಲೆ ಅಂದುಕೊಳ್ಳಿ, ಹಗಲು ರಾತ್ರಿ, ತಿಂಗಳುಗಟ್ಟಲೆ. ಇದರ ಜೊತೆ ಅಲೆ ಒಡೆಯುವ ಪಟ್ಟಿಯಲ್ಲಿ ದಡದ ಉದ್ದಕ್ಕೂ ಒಂದು ಹರಿವು ಏರ್ಪಡುತ್ತದೆ, ಕಲಕಿದ ಮರಳನ್ನು ಹೆಚ್ಚಾಗಿ ಸಾಗಿಸೋದು ಅದೇ. ಹೀಗೆ ಓಡುತ್ತಾ ಬಂದ ಮರಳಿಗೆ ಹೊಳೆಯ ಬಾಯಿ ಎದುರಾದರೆ ಏನಾಗುತ್ತದೆ? ದಡ ಒಳಕ್ಕೆ ತಿರುಗುತ್ತದೆ, ಮರಳು ತಿರುಗುವುದಿಲ್ಲ. ಬಂದ ದಿಕ್ಕಿನಲ್ಲೇ ಮುಂದಕ್ಕೆ ಹೋಗಿ, ಆಳ ಸಿಕ್ಕಲ್ಲಿ ಕೂರುತ್ತದೆ. ಅದರ ಮೇಲೆ ಇನ್ನಷ್ಟು, ಅದರ ಮುಂದೆ ಇನ್ನಷ್ಟು. ಹಾಗೆ ಒಂದು ಮರಳಿನ ನಾಲಿಗೆ ಹೊಳೆಯ ಬಾಯಿಗೆ ಅಡ್ಡವಾಗಿ ಬೆಳೆಯುತ್ತದೆ. ನೀವು ನೋಡಿದ 10 ಗುಂಟೆ ಇರೋದು ಇಂಥ ನಾಲಿಗೆಯ ಮೇಲೆ.

ನಾಲಿಗೆ ಬೆಳೆದ ಹಾಗೆ ಹೊಳೆಯ ಬಾಯಿ, ಅಂದರೆ ಕರಾವಳಿಯವರು ಹೇಳುವ ಅಳಿವೆ, ಪಕ್ಕಕ್ಕೆ ಸರಿಯುತ್ತದೆ. ಹೊಳೆ ಎಷ್ಟು ದಿನ ಸುತ್ತು ಹಾಕಿಕೊಂಡು ಹೋದೀತು? ಒಂದು ಮಳೆಗಾಲ ಘಟ್ಟದ ಮೇಲೆ ಜೋರು ಮಳೆ ಬಿದ್ದು ನೆರೆ ಬಂದಾಗ, ಹೊಳೆ ನಾಲಿಗೆಯ ಅತಿ ಸಪೂರ ಜಾಗವನ್ನು ಒಳಗಿನಿಂದ ಒಡೆದು ಹೊಸ ಬಾಯಿ ಮಾಡಿಕೊಳ್ಳುತ್ತದೆ. ಅದೇ ಹೊತ್ತಿಗೆ ಹೊರಗಿನಿಂದ ಕಡಲೂ ಏರಿರುತ್ತದೆ. ಜನ ಎಲ್ಲರೂ ಕಡಲ ಕಡೆಗೇ ನೋಡುತ್ತಿರುತ್ತಾರೆ, ಪೆಟ್ಟು ಬೀಳೋದು ಬೆನ್ನಿಗೆ. ಹೊಳೆಯೇ ಇರಬೇಕು ಅಂತಲೂ ಇಲ್ಲ. ಇಂಗ್ಲೆಂಡಿನಲ್ಲಿ ಸ್ಪರ್ನ್ ಅಂತ ಸುಮಾರು 5 ಕಿಲೋಮೀಟರ್ ಉದ್ದದ ಹೆಸರಾಂತ ಮರಳು ನಾಲಿಗೆ ಇದೆ. ಅದರ ಕುತ್ತಿಗೆಯ ಮೇಲೆ ರಸ್ತೆ ಇತ್ತು. 2013ರ ಡಿಸೆಂಬರ್‌ನಲ್ಲಿ ಚಂಡಮಾರುತದಿಂದ ಉಕ್ಕಿದ ಕಡಲು ಒಂದೇ ಸಲಕ್ಕೆ ಆ ರಸ್ತೆ ಒಯ್ದಿತು. ಈಗ ದೊಡ್ಡ ಉಬ್ಬರ ಬಂದಾಗ ತುದಿಯ ಭಾಗ ದ್ವೀಪ ಆಗಿಬಿಡುತ್ತದೆ.

ಹಾಗಾಗಿ ಮರಳಿನ ಜಾಗ ನೋಡುವಾಗ ಬೀಚಿನ ಅಗಲ ಅಳೆಯಬೇಡಿ, ಅಳಿವೆ ಎಲ್ಲೆಲ್ಲಿ ಇತ್ತು ಅಂತ ಹುಡುಕಿ. ಕಂಪ್ಯೂಟರ್‌ನಲ್ಲಿ ಗೂಗಲ್ ಅರ್ಥ್ ತೆರೆದರೆ ಹಳೆಯ ವರ್ಷಗಳ ಉಪಗ್ರಹ ಚಿತ್ರ ಸಿಗುತ್ತವೆ. ಇಲ್ಲಿ ಎಲ್ಲರೂ ಒಂದೇ ಥರ ಎಡವುತ್ತಾರೆ. ಒಂದು ವರ್ಷದ ಅಕ್ಟೋಬರ್ ಚಿತ್ರ, ಇನ್ನೊಂದು ವರ್ಷದ ಮಾರ್ಚ್ ಚಿತ್ರ ಇಟ್ಟುಕೊಂಡು 'ನೋಡಿ, ಭೂಮಿ ಬೆಳೆದಿದೆ' ಅನ್ನುತ್ತಾರೆ. ಅದು ಬರೀ ಋತುವಿನ ವ್ಯತ್ಯಾಸ. ಜನವರಿಗೆ ಜನವರಿಯನ್ನೇ ಹೋಲಿಸಬೇಕು. ಅಳತೆಯನ್ನು ನೀರಿನ ಗೆರೆಯಿಂದ ಶುರು ಮಾಡಬೇಡಿ, ಉಬ್ಬರ ಇಳಿತಕ್ಕೆ ಅದು ದಿನಾ ಓಡಾಡುತ್ತದೆ. ಒಂದು ದೇವಸ್ಥಾನವೋ ರಸ್ತೆಯ ತಿರುವೋ, ಅಲುಗಾಡದ ಗುರುತು ಹಿಡಿದು ಅಲ್ಲಿಂದ ಗಿಡಗಂಟಿ ಮುಗಿಯುವ ಗೆರೆಯವರೆಗೆ ಅಳೆಯಿರಿ. ಗಿಡದ ಗೆರೆ ದಿನಕ್ಕೊಂದು ಕಡೆ ಹೋಗುವುದಿಲ್ಲ.

ಸ್ಥಳದಲ್ಲೂ ಗುರುತುಗಳಿರುತ್ತವೆ. ಮರಳಿನ ಮೇಲೆ ನೇರಳೆ ಹೂವಿನ ಅಡುಂಬು ಬಳ್ಳಿ ದಟ್ಟವಾಗಿ ಹಬ್ಬಿ, ಅದರ ಹಿಂದೆ ಮರಳಿನ ದಿಬ್ಬ ಹಾಗೇ ಉಳಿದಿದ್ದರೆ ಅಲ್ಲಿಗೆ ಕೆಲವು ವರ್ಷದಿಂದ ಅಲೆ ಬಂದಿಲ್ಲ ಅಂತ ಅರ್ಥ. ಬಳ್ಳಿಯೇ ಇಲ್ಲ, ದಿಬ್ಬವನ್ನು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಮರಳಿನ ಗೋಡೆ ಕಾಣುತ್ತದೆ, ಗಾಳಿಮರದ ಬೇರು ಹೊರಗೆ ನೇತಾಡುತ್ತಿವೆ ಅಂದರೆ ದಡ ಹಿಂದೆ ಸರಿಯುತ್ತಿದೆ. ನಿಮ್ಮ ಜುಲೈ ಫೋಟೋದಲ್ಲಿ ತೆಂಗಿನ ಬುಡದ ಬೇರಿನ ಗೊಂಚಲು ಬಯಲಾಗಿದೆಯಾ ನೋಡಿ. ತೆಂಗು ನೆಟ್ಟು ಇಷ್ಟೆತ್ತರ ಬೆಳೆಯಲು ಎಷ್ಟು ವರ್ಷ ಬೇಕು? ಅಷ್ಟು ವರ್ಷದ ಹಿಂದೆ ಯಾರೂ ಅದನ್ನು ಅಲೆಯ ಬಾಯಿಗೆ ನೆಟ್ಟಿರುವುದಿಲ್ಲ ಅಲ್ವಾ. ಇನ್ನು ಅಲ್ಲಿಯ ಮೀನುಗಾರರನ್ನು ಮಾತಾಡಿಸಿ. ದೋಣಿ ದಾಟಿಸುವವರಿಗೆ ಅಳಿವೆಯ ಲೆಕ್ಕ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಯಾಕೆಂದರೆ ಅದರಲ್ಲಿ ಅವರ ಜೀವ ಇದೆ.

ಇದೆಲ್ಲ ಅನುಕೂಲವಾಗೇ ಬಂದರೂ ಆ 10 ಗುಂಟೆಗೆ ಕಾನೂನು ಅಡ್ಡ ಬರುತ್ತದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಎಲ್ಲರೂ ಸಿ.ಆರ್.ಝಡ್. ಅನ್ನೋದು, ಅದರ ಪ್ರಕಾರ ಹಳ್ಳಿ ಕಡೆಯ ಕಡಲದಂಡೆಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಸಾಮಾನ್ಯವಾಗಿ ಅವಕಾಶ ಇಲ್ಲ. ಜನಸಾಂದ್ರತೆ ಜಾಸ್ತಿ ಇರುವ ಕೆಲವು ಹಳ್ಳಿಗಳಿಗೆ ಮಾತ್ರ ಅದು 50 ಮೀಟರ್ ಆಗಬಹುದು. ಉಬ್ಬರದ ನೀರು ಏರುವ ಹೊಳೆಯ ದಂಡೆಯಲ್ಲೂ 50 ಮೀಟರ್, ಅಥವಾ ಹೊಳೆಯ ಅಗಲ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟು, ಬಿಡಬೇಕು. ನಿಮ್ಮ 300 ಹೆಜ್ಜೆ ಅಂದರೆ ಎರಡೂವರೆ ಅಡಿಯ ಲೆಕ್ಕದಲ್ಲಿ 750 ಅಡಿ, ಹತ್ತಿರ ಹತ್ತಿರ 230 ಮೀಟರ್. ಕಡಲ ಕಡೆ 200, ಹೊಳೆ ಕಡೆ 50 ಬಿಟ್ಟರೆ ಮಿಕ್ಕಿದ್ದು ಏನೂ ಇಲ್ಲ, ಇನ್ನೂ 20 ಮೀಟರ್ ಕಡಿಮೆಯೇ ಬೀಳುತ್ತದೆ. ಅದಲ್ಲದೆ ಮರಳಿನ ದಿಬ್ಬಗಳೇ ಅತಿ ಬಿಗಿಯಾದ ವರ್ಗದಲ್ಲಿ ಬರುತ್ತವೆ. ಎನ್.ಎ. ಆಗಿದೆ ಅಂದರೆ ಕೃಷಿಯಿಂದ ಬೇರೆ ಉಪಯೋಗಕ್ಕೆ ಬದಲಾಗಿದೆ ಅಂತ ಅಷ್ಟೆ. ಅದು ಸಿ.ಆರ್.ಝಡ್. ಒಪ್ಪಿಗೆ ಅಲ್ಲ, ಎರಡೂ ಬೇರೆ ಬೇರೆ ಕಾಗದ.

ಈಗ ದಿಬ್ಬಕ್ಕೆ ಬರೋಣ. ನಿಮ್ಮ ಷಡ್ಡಕರ ಬಾದಾಮಿ ವಾದ ಕೇಳಲು ಚೆನ್ನಾಗಿದೆ. ಮೂರನೇ ಗುಹೆಯಲ್ಲಿ 578ರ ಶಾಸನ ಇವತ್ತಿಗೂ ಇದೆ, ಬಂಡೆ ಗಟ್ಟಿ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಬಾದಾಮಿಯದು ಬಿಗಿಯಾಗಿ ಬೆಸೆದ ಮರಳುಗಲ್ಲು, ಅದರ ಬುಡಕ್ಕೆ ಅಲೆ ಬಡಿಯುವುದಿಲ್ಲ. ನೀವು ನೋಡಿದ್ದು ಜಂಬಿಟ್ಟಿಗೆ, ಅಲ್ಲಿಯವರು ಚಿರೆಕಲ್ಲು ಅಂತಾರೆ. ಅದರ ಒಳಗುಟ್ಟು ತಿಳಿಯಲು ಕರಾವಳಿಗೆ ಹೋಗಬೇಕಿಲ್ಲ, ನಮ್ಮ ಬೆಳಗಾವಿ ಪಕ್ಕದ ಖಾನಾಪುರ ಕಡೆಯ ಕೆಂಪುಕಲ್ಲಿನ ಕ್ವಾರಿಯಲ್ಲಿ ಇಣುಕಿದರೆ ಸಾಕು. ಮೇಲೆ ಬಿಸಿಲಿಗೆ ಗಟ್ಟಿಯಾದ ಪದರ, ಕೆಳಗೆ ಹೋದ ಹಾಗೆ ಮೆತ್ತಗೆ. ಕರಾವಳಿಯಲ್ಲಿ ಆ ಗಟ್ಟಿ ಪದರದ ಅಡಿಯ ಬಿಳಿ, ಹಳದಿ, ನಸುಗೆಂಪು ಬಣ್ಣದ ಮಣ್ಣಿಗೆ ಶೇಡಿ ಮಣ್ಣು ಅಂತಾರೆ. ಒಣಗಿದಾಗ ಅದು ಗುದ್ದಲಿಗೂ ಬಗ್ಗದು. ನೀರು ಕುಡಿದರೆ ಕೈಯಲ್ಲಿ ಹಿಚುಕಬಹುದು.

ಈ ಮೆತ್ತನೆಯ ಪದರ ಅಲೆಯ ಮಟ್ಟಕ್ಕೆ ಇದ್ದರೆ ಕೆಲಸ ಕೆಟ್ಟಿತು. ಅಲೆ ಬುಡವನ್ನು ಮಾತ್ರ ತಿನ್ನುತ್ತದೆ. ನೀರು ಬಡಿದಾಗ ಬಿರುಕಿನೊಳಗಿನ ಗಾಳಿ ಒತ್ತಡಕ್ಕೆ ಸಿಕ್ಕಿ, ನೀರು ಹಿಂದೆ ಸರಿದಾಗ ಸಡಿಲವಾಗಿ, ಬಿರುಕು ಅಗಲವಾಗುತ್ತಾ ಹೋಗುತ್ತದೆ. ಅಲೆ ಎತ್ತಿ ಎಸೆಯುವ ಕಲ್ಲುಗಳೂ ಉಜ್ಜುತ್ತವೆ. ಬುಡದಲ್ಲಿ ಒಂದು ಗೂಡು ಕೊರೆಯುತ್ತದೆ, ಮೇಲಿನ ಗಟ್ಟಿ ಪದರ ಛಾವಣಿಯ ಹಾಗೆ ಮುಂದೆ ಚಾಚಿಕೊಂಡು ನಿಲ್ಲುತ್ತದೆ. ಮೇಲಿನಿಂದ ಮಳೆನೀರು ಇಳಿದು ಶೇಡಿ ಮಣ್ಣನ್ನು ನೆನೆಸುತ್ತದೆ. ಒಂದು ದಿನ ಆ ಛಾವಣಿ ಕಳಚಿ ಬೀಳುತ್ತದೆ. ಬಿದ್ದ ಬಂಡೆಗಳು ಬುಡದಲ್ಲಿ ರಾಶಿಯಾಗಿ ಕೆಲವು ವರ್ಷ ಅಲೆಯನ್ನು ತಡೆಯುತ್ತವೆ. ಆಗ ದಿಬ್ಬ ಸ್ತಬ್ಧ. ಅಲೆ ಆ ರಾಶಿಯನ್ನು ಪುಡಿ ಮಾಡಿ ಒಯ್ದ ಮೇಲೆ ಮತ್ತೆ ಗೂಡು ಶುರು. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ನೀರು ಇಳಿದಾಗ ಗಮನಿಸಿ, ಸಣ್ಣ ಅಲೆಗಳೇ ಎರೆಮಣ್ಣಿನ ಬುಡ ತಿಂದು ಮೇಲಿನ ಹೆಂಟೆ ಉರುಳಿಸಿದ್ದು ಕಾಣಬಹುದು. ಅಳತೆ ಸಣ್ಣದು, ಕೆಲಸ ಇದೇ.

ಅಂದರೆ ದಿಬ್ಬ ವರ್ಷಕ್ಕೆ ಇಷ್ಟಿಷ್ಟೇ ಅಂತ ಸವೆಯುವುದಿಲ್ಲ, ಗುಪ್ಪೆಗುಪ್ಪೆಯಾಗಿ ಹೋಗುತ್ತದೆ. 'ನಾನು ಹುಟ್ಟಿದಾಗಿನಿಂದ ಹೀಗೇ ಇದೆ' ಅಂತ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಅದರಿಂದ ಮುಂದಿನ ಮಳೆಗಾಲದ ಬಗ್ಗೆ ಏನೂ ತಿಳಿಯುವುದಿಲ್ಲ. ಮರಳಿನ ಹಾಗೆ ಇಲ್ಲಿ ತಿರುಗಿ ಬರೋದೂ ಇಲ್ಲ. ಬಿದ್ದ ದಿಬ್ಬ ಬಿದ್ದ ಹಾಗೇ.

ಆ ಎರಡು ಬಂಡೆ ಕಂಬ ಅಲೆ ತಡೆಯುತ್ತವೆ ಅನ್ನೋದು ನನಗೆ ಸ್ವಲ್ಪ ನಗು ತರಿಸಿತು. ಅವು ಅದೇ ಜಂಬಿಟ್ಟಿಗೆಯ ಕಂಬಗಳಾದರೆ, ಒಂದು ಕಾಲಕ್ಕೆ ದಿಬ್ಬ ಅಲ್ಲಿಯವರೆಗೂ ಇತ್ತು ಅನ್ನೋದಕ್ಕೆ ಅವೇ ಸಾಕ್ಷಿ. ಚಾಚಿಕೊಂಡ ಭೂಶಿರದ ಬಿರುಕಿನಲ್ಲಿ ಅಲೆ ಮೊದಲು ಗುಹೆ ಕೊರೆಯುತ್ತದೆ, ಗುಹೆ ಆ ಕಡೆಗೆ ತೂತಾಗಿ ಕಮಾನು ಆಗುತ್ತದೆ, ಕಮಾನಿನ ನೆತ್ತಿ ಕುಸಿದರೆ ಹೊರಗಿನ ಕಾಲು ಒಂಟಿ ಕಂಬವಾಗಿ ಉಳಿಯುತ್ತದೆ. ಅದೂ ಶಾಶ್ವತ ಅಲ್ಲ. ಆಸ್ಟ್ರೇಲಿಯಾದ 'ಟ್ವೆಲ್ವ್ ಅಪಾಸಲ್ಸ್' ಅನ್ನುವ ಸುಣ್ಣಕಲ್ಲಿನ ಕಂಬಗಳಲ್ಲಿ ಸುಮಾರು 50 ಮೀಟರ್ ಎತ್ತರದ್ದು ಒಂದು 2005ರ ಜುಲೈನಲ್ಲಿ ಕ್ಷಣಮಾತ್ರದಲ್ಲಿ ಕುಸಿದು ಕಲ್ಲಿನ ಗುಡ್ಡೆಯಾಯಿತು. ಕಂಬಗಳು ಗ್ರಾನೈಟಿನಂಥ ಬೇರೆ ಕಲ್ಲಿನವಾದರೆ ಈ ಸಾಕ್ಷಿ ಅಷ್ಟು ನೇರ ಅಲ್ಲ, ಅದನ್ನು ಹತ್ತಿರದಿಂದ ನೋಡಿ ಹೇಳಬೇಕು. (ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ಇದರ ಜೊತೆ ಸೇರಿಸಬೇಡಿ. ಅವು ಲಾವಾ ಆರುವಾಗ ಬಿರುಕುಬಿಟ್ಟು ಆದ ಕಂಬಗಳು, ಕಡಲು ಕಡೆದದ್ದಲ್ಲ.)

ಏನೇ ಇರಲಿ, ಎರಡು ಕಂಬ ಒಂದು ದಿಬ್ಬವನ್ನು ಕಾಯಲಾರವು. ಮಳೆಗಾಲದ ಎಂಟು ಸೆಕೆಂಡಿಗೊಂದು ಬರುವ ಅಲೆಯ ಉದ್ದ ಆಳ ಕಡಲಿನಲ್ಲಿ ಸುಮಾರು 100 ಮೀಟರ್. ಅಷ್ಟು ಉದ್ದದ ಅಲೆ ಸಣ್ಣ ಕಂಬವನ್ನು ಬಳಸಿಕೊಂಡು ಹಿಂದೆ ಮತ್ತೆ ಕೂಡಿಕೊಳ್ಳುತ್ತದೆ. ಮೇಲಾಗಿ, ಚಾಚಿದ ಭೂಶಿರಕ್ಕೆ ಪೆಟ್ಟು ಬೀಳೋದೇ ಜಾಸ್ತಿ. ಆಳ ಅಲೆಯ ಉದ್ದದ ಅರ್ಧಕ್ಕಿಂತ ಕಡಿಮೆಯಾದಾಗ, ಇಲ್ಲಿ 50 ಮೀಟರ್ ಅಂದುಕೊಳ್ಳಿ, ಅಲೆಗೆ ತಳ ತಾಗಲು ಶುರುವಾಗುತ್ತದೆ. ತಳ ತಾಗಿದ ಭಾಗ ನಿಧಾನ ಆಗುತ್ತದೆ, ಆಳದ ಭಾಗ ಮುಂದೆ ಓಡುತ್ತದೆ. ಹಾಗಾಗಿ ಅಲೆಯ ಸಾಲು ಬಾಗಿ, ಆಳ ಕಡಿಮೆ ಇರುವ ಭೂಶಿರದ ಕಡೆಗೆ ಎರಡೂ ಬದಿಯಿಂದ ತಿರುಗುತ್ತದೆ. ಪಕ್ಕದ ಕೊಲ್ಲಿಯಲ್ಲಿ ಅದೇ ಅಲೆ ಹರಡಿಕೊಂಡು ಮೆತ್ತಗಾಗುತ್ತದೆ. ಅದಕ್ಕೇ ಕೊಲ್ಲಿಯಲ್ಲಿ ಮರಳು, ಭೂಶಿರದಲ್ಲಿ ಬರೀ ಬಂಡೆ.

ನಿಮ್ಮ 20 ಗುಂಟೆಗೆ ಒಂದು ಲೆಕ್ಕ ಹಾಕೋಣ. 40 ಅಡಿಯಲ್ಲಿ ಮೇಲಿನ 15 ಅಡಿ ಗಟ್ಟಿ, ಕೆಳಗಿನ 25 ಅಡಿ ಶೇಡಿ ಮಣ್ಣು ಅಂದುಕೊಳ್ಳಿ. ಮುಖ ಈಗ ನೆಟ್ಟಗಿದೆ, ಆದರೆ ನೆನೆದ ಮೆತ್ತನೆ ಮಣ್ಣು ನೆಟ್ಟಗೆ ಉಳಿಯೋದಿಲ್ಲ. ಒಂದಡಿ ಎತ್ತರಕ್ಕೆ ಒಂದೂವರೆ ಅಡಿ ಇಳಿಜಾರು ಬೇಕು ಅಂತ ಹಿಡಿದರೆ 25 ಅಡಿಗೆ 37.5 ಅಡಿ. ಗಟ್ಟಿ ಪದರಕ್ಕೆ ಅರ್ಧ ಅಡಿಯಂತೆ 7.5 ಅಡಿ. ಒಟ್ಟು 45 ಅಡಿ. ಅಂದರೆ ಬುಡ ಇನ್ನು ಒಂದು ಇಂಚು ಕೊರೆಯದಿದ್ದರೂ ಅಂಚು 45 ಅಡಿ ಹಿಂದಕ್ಕೆ ಬರಬಹುದು. ಇದರ ಮೇಲೆ ಬುಡವೂ ಸರಾಸರಿ ವರ್ಷಕ್ಕೆ ಒಂದಡಿ ಹಿಂದೆ ಸರಿದರೆ, ಕಟ್ಟಡಕ್ಕೆ 50 ವರ್ಷ ಆಯುಸ್ಸು ಅಂತಿಟ್ಟರೆ, ಇನ್ನೂ 50 ಅಡಿ. ಇವತ್ತಿನ ಅಂಚಿನಿಂದ 95 ಅಡಿ ಬಿಟ್ಟು ಕಟ್ಟಬೇಕು. ನಿಮ್ಮ ಜಾಗ 25ನೇ ಅಡಿಗೆ ಶುರು, 205ಕ್ಕೆ ಮುಗಿಯುತ್ತದೆ. ಮುಂದಿನ 70 ಅಡಿ ಬಿಟ್ಟರೂ 110 ಅಡಿ ಉಳಿಯುತ್ತದೆ, ಲೆಕ್ಕಕ್ಕೆ ಸಾಲುತ್ತದೆ ಅನ್ನಿಸುತ್ತದೆ. ಈ ಇಳಿಜಾರು, ಈ ವೇಗ ಎರಡೂ ನಾನು ಹಿಡಿದುಕೊಂಡವು. ಅಲ್ಲಿಯ ಮಣ್ಣು ಪರೀಕ್ಷೆ ಮಾಡಿದ ಮೇಲೆ ಬದಲಾಗುತ್ತವೆ.

ಆದರೆ ಮತ್ತೆ ಸಿ.ಆರ್.ಝಡ್. ಉಬ್ಬರದ ಗೆರೆ ಇರೋದು ದಿಬ್ಬದ ಬುಡದಲ್ಲಿ. ಅಲ್ಲಿಂದ 200 ಮೀಟರ್ ಅಂದರೆ 656 ಅಡಿ. ನಿಮ್ಮ ಇಡೀ ಜಾಗ ಅದರೊಳಗೇ ಮುಗಿದುಹೋಗುತ್ತದೆ. 50 ಮೀಟರ್ ನಿಯಮ ಅನ್ವಯಿಸುವ ಹಳ್ಳಿ ಅಂತಲೇ ಆದರೂ 164 ಅಡಿ ಬಿಟ್ಟು ಹಿಂದಿನ 41 ಅಡಿ ಮಾತ್ರ ಸಿಗುತ್ತದೆ.

ಗೋಡೆಯ ವಿಷಯ. ಮರಳಿನ ಮುಂದೆ ಕಲ್ಲಿನ ಗೋಡೆ ಹಾಕಿದರೆ ಹಿಂದಿನ ಮನೆ ಕೆಲವು ಕಾಲ ಉಳಿಯಬಹುದು, ಆದರೆ ಬೀಚ್ ಉಳಿಯುವುದಿಲ್ಲ. ಮರಳಿನ ಮೇಲೆ ಹರಡಿ ಸುಸ್ತಾಗಬೇಕಿದ್ದ ಅಲೆ ಗೋಡೆಗೆ ಬಡಿದು ತಿರುಗಿ, ಬುಡದ ಮರಳನ್ನು ಕೆದಕಿ ಒಯ್ಯುತ್ತದೆ. ಬುಡ ಟೊಳ್ಳಾಗಿ ಗೋಡೆ ಕುಸಿಯುತ್ತದೆ, ಮತ್ತೆ ಕಲ್ಲು ಸುರಿಯಬೇಕು. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಇನ್ನೂ ಜೋರು, ಅದು ಪಕ್ಕದವರ ತೋಟ. ಮರಳಿನ ಅಡ್ಡ ಓಟಕ್ಕೆ ತಡೆ ಒಡ್ಡಿದರೆ ಏನಾಗುತ್ತದೆ ಅನ್ನೋದಕ್ಕೆ ಪುದುಚೇರಿ ನೋಡಿ. 1980ರ ದಶಕದ ಕೊನೆಗೆ ಅಲ್ಲಿ ಬಂದರಿಗೆ ಕಲ್ಲಿನ ಒಡ್ಡು ಚಾಚಿದರು. ಉತ್ತರಕ್ಕೆ ಹೋಗುತ್ತಿದ್ದ ಮರಳು ದಕ್ಷಿಣ ಬದಿಗೇ ನಿಂತಿತು, ಉತ್ತರದಲ್ಲಿದ್ದ ಊರಿನ ಬೀಚ್ ಕರಗಿ ಬರೀ ಕಲ್ಲು ಉಳಿಯಿತು. ದಿಬ್ಬದ ಬುಡಕ್ಕೆ ಬಂಡೆ ಹಾಕಿದರೆ ಗೂಡು ಕೊರೆಯೋದು ತಗ್ಗುತ್ತದೆ, ಮೇಲಿನಿಂದ ಇಳಿಯುವ ಮಳೆನೀರು ನಿಲ್ಲುವುದಿಲ್ಲ. ಇಂಥ ಕೆಲಸ ಖಾಸಗಿಯಾಗಿ ಅನುಮತಿ ಇಲ್ಲದೆ ಮಾಡುವ ಹಾಗೂ ಇಲ್ಲ.

ಹಾಗಾದರೆ ದಾರಿ ಏನು? ನನಗೆ ಸರಿ ಕಾಣೋದು, 200 ಮೀಟರ್ ದಾಟಿ ಒಳಗೆ ಜಾಗ ಹುಡುಕೋದು. ಬೀಚಿಗೆ ಮೂರು ನಾಲ್ಕು ನಿಮಿಷ ನಡೆದು ಹೋಗುವ ಹೋಮ್‌ಸ್ಟೇಗೂ ಜನ ಬರುತ್ತಾರೆ, ಬೆಲೆಯೂ ಕಡಿಮೆ ಇರುತ್ತದೆ. ಅಲ್ಲಿ ಹೊಳೆಯ ನೆರೆ ಎಲ್ಲಿವರೆಗೆ ಬಂದಿತ್ತು ಅಂತ ಮಾತ್ರ ಬೇರೆಯಾಗಿ ವಿಚಾರಿಸಿ. ಇನ್ನೊಂದು ದಾರಿ, ಈಗಾಗಲೇ ಕಾನೂನುಬದ್ಧವಾಗಿ ಇರುವ ಹಳೆಯ ಮನೆಯನ್ನು ಲೀಸಿಗೆ ಪಡೆಯೋದು. ಕೊರೆತ ಬಂದರೆ ನಿಮಗೆ ಹೋಗೋದು ಕೆಲವು ವರ್ಷದ ಬಾಡಿಗೆ, ಭೂಮಿ ಅಲ್ಲ. ಆದರೆ ರಿಪೇರಿಗೆ ಮಿತಿ ಇರುತ್ತದೆ, ಹೆಚ್ಚುವರಿ ರೂಮು ಕಟ್ಟುವ ಆಸೆ ಬಿಡಬೇಕು. ದಿಬ್ಬದ ನೋಟವೇ ಬೇಕು ಅಂತ ಷಡ್ಡಕರು ಹಟ ಹಿಡಿದರೆ, ಅದೇ ದಿಬ್ಬದ ಮೇಲೆ 656 ಅಡಿಯಾಚೆ ಜಾಗ ಸಿಗುತ್ತದಾ ಕೇಳಿ. ಅಲ್ಲಿ ಬಚ್ಚಲು, ಶೌಚಾಲಯದ ನೀರನ್ನು ಅಂಚಿನ ಕಡೆ ಬಿಡಬೇಡಿ, ಇಂಗುಗುಂಡಿಯನ್ನು ಆದಷ್ಟು ಹಿಂದಕ್ಕೆ ಇಡಿ. ಅಂಚಿನ ಹತ್ತಿರ ಇಂಗಿದ ನೀರು ಅದೇ ಶೇಡಿ ಮಣ್ಣಿಗೆ ಇಳಿಯುತ್ತದೆ.

ಯಾವುದಕ್ಕೂ ಮುಂಗಡ ಕೊಡುವ ಮೊದಲು ಸರ್ವೆ ನಂಬರ್ ಹಿಡಿದುಕೊಂಡು ಕಾರವಾರದಲ್ಲಿ ಸಿ.ಆರ್.ಝಡ್. ನೋಡಿಕೊಳ್ಳುವ ಕಚೇರಿಗೆ ಹೋಗಿ. ಅನುಮೋದನೆಯಾದ ಕರಾವಳಿ ನಕ್ಷೆಯಲ್ಲಿ ಉಬ್ಬರದ ಗೆರೆ, 200 ಮೀಟರ್ ಗೆರೆ ಎರಡೂ ಇರುತ್ತವೆ. ನಿಮ್ಮ ಸರ್ವೆ ನಂಬರ್ ಯಾವ ವರ್ಗಕ್ಕೆ ಬರುತ್ತದೆ ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಮತ್ತೆ ಜಾಗ ನೋಡಲು ಹೋಗೋದಾದರೆ ಜುಲೈ ಕೊನೆಯಲ್ಲಿ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸು, ಉಬ್ಬರದ ಹೊತ್ತಿಗೆ ಹೋಗಿ. ದಿಬ್ಬದ ಮೇಲೆ ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಬಿರುಕು ಇದೆಯಾ, ಕೆಳಗೆ ಮಣ್ಣಿನ ಮುಖದಲ್ಲಿ ನೀರು ಜಿನುಗುತ್ತಿದೆಯಾ, ಬಿದ್ದ ಕಲ್ಲುಗಳ ಅಂಚು ಚೂಪಾಗಿದೆಯಾ ಅಂತ ನೋಡಿ. ಚೂಪಾಗಿದ್ದರೆ ಬಿದ್ದು ಬಹಳ ದಿನ ಆಗಿಲ್ಲ, ಅಲೆ ಇನ್ನೂ ಉಜ್ಜಿ ಉರುಟು ಮಾಡಿಲ್ಲ. ಇದನ್ನೆಲ್ಲ ದೂರದಿಂದಲೇ ನೋಡಿ, ದಿಬ್ಬದ ಬುಡಕ್ಕೆ ಮಾತ್ರ ಮಳೆಗಾಲದಲ್ಲಿ ಹೋಗಬೇಡಿ.